ಸ್ಕೋಪಿಂಗ್, ಸಿಸ್ಟಮ್ಯಾಟಿಕ್, ನರೇಟಿವ್: ನಿಮ್ಮ ಪ್ರಶ್ನೆಗೆ ಯಾವ ರಿವ್ಯೂ?

ರಿವ್ಯೂ ಬರೆಯಲು ಹೊರಟವರಿಗೆ ಸಲಹೆಗಳಿಗೇನೂ ಬರವಿಲ್ಲ. ಗೈಡ್ "ಸಿಸ್ಟಮ್ಯಾಟಿಕ್ ಮಾಡಿ, ಅದಕ್ಕೇ ತೂಕ" ಎನ್ನುತ್ತಾರೆ. ಸೀನಿಯರ್‌ಗಳು "ಸ್ಕೋಪಿಂಗ್ ಮಾಡಿಬಿಡಿ, ಅದು ಸುಲಭ" ಎನ್ನುತ್ತಾರೆ. ಇವೆರಡೂ ಆಗದಿದ್ದರೆ ಕಡೆಗೆ ನರೇಟಿವ್ ಇದ್ದೇ ಇದೆ ಎಂಬ ಸಮಾಧಾನ ಬೇರೆ. ಈ ಮಾತುಗಳೆಲ್ಲ ಮೂರು ರಿವ್ಯೂಗಳನ್ನು ಒಂದೇ ಪರೀಕ್ಷೆಯ ಮೂರು ದರ್ಜೆಗಳಂತೆ ನೋಡುತ್ತವೆ. ಎಡವುವುದು ಅಲ್ಲೇ. ಮೂರೂ ಉತ್ತರಿಸುವ ಪ್ರಶ್ನೆಗಳೇ ಬೇರೆ ಬೇರೆ.

ಆಯ್ಕೆಗೆ ಮುನ್ನ ನಾಲ್ಕು ವಿಷಯ ಗೊತ್ತಿರಬೇಕು. ರಿವ್ಯೂ ಮುಗಿದಾಗ ನೀವು ಏನು ಹೇಳಬೇಕೆಂದಿದ್ದೀರಿ? ಆ ವಿಷಯದಲ್ಲಿ ಈಗಾಗಲೇ ಎಷ್ಟು ಮತ್ತು ಎಂಥ ಅಧ್ಯಯನಗಳಿವೆ? ನಿಮ್ಮ ಜೊತೆ ಓದಲು ಇನ್ನೊಬ್ಬರಿದ್ದಾರೆಯೇ? ಕೈಯಲ್ಲಿ ಎಷ್ಟು ತಿಂಗಳಿವೆ? ನಾಲ್ಕರಲ್ಲಿ ಮೊದಲನೆಯದೇ ಮುಖ್ಯ. ಉಳಿದ ಮೂರು ಪ್ರಶ್ನೆಯನ್ನು ಎಷ್ಟು ಕಿರಿದು ಮಾಡಬೇಕೆಂದು ಹೇಳುತ್ತವೆ, ಅಷ್ಟೇ.

ಮೊದಲನೆಯದನ್ನು ತಿಳಿಯಲು ಒಂದು ಸರಳ ಉಪಾಯವಿದೆ. ನಿಮ್ಮ ರಿವ್ಯೂವಿನ ಕೊನೆಯ ವಾಕ್ಯವನ್ನು ಈಗಲೇ, ಏನೂ ಓದುವ ಮೊದಲೇ, ಅಂಕಿಗಳ ಜಾಗ ಖಾಲಿ ಬಿಟ್ಟು ಬರೆದುನೋಡಿ. ಅದರ ಕ್ರಿಯಾಪದವನ್ನು ಗಮನಿಸಿ. ವಾಕ್ಯ "ಇಷ್ಟಿಷ್ಟು ಬಗೆಯವು ಇವೆ, ಇಂಥದ್ದು ಇಲ್ಲ" ಎಂದು ಮುಗಿದರೆ ಅದು ಸ್ಕೋಪಿಂಗ್. "ಇದರಿಂದ ಇಷ್ಟು ಕಡಿಮೆಯಾಗುತ್ತದೆ" ಎಂದು ಮುಗಿದರೆ ಸಿಸ್ಟಮ್ಯಾಟಿಕ್. "ಇದನ್ನು ಹೀಗೆ ಅರ್ಥ ಮಾಡಿಕೊಳ್ಳಬೇಕು" ಎಂದು ಮುಗಿದರೆ ನರೇಟಿವ್.

## ಒಂದೇ ವಿಷಯ, ಮೂರು ಪ್ರಶ್ನೆ

ರಾತ್ರಿ ಪಾಳಿಯಲ್ಲಿ ದುಡಿಯುವ ನರ್ಸ್‌ಗಳ ನಿದ್ರೆಯನ್ನೇ ತೆಗೆದುಕೊಳ್ಳೋಣ. ಈ ಒಂದು ವಿಷಯದಿಂದ ಮೂರೂ ಬಗೆಯ ರಿವ್ಯೂ ಹೊರಡಬಹುದು.

ರಾತ್ರಿ ಪಾಳಿಯ ನರ್ಸ್‌ಗಳ ನಿದ್ರೆ ಸುಧಾರಿಸಲು ಏನೇನನ್ನು ಪ್ರಯತ್ನಿಸಲಾಗಿದೆ, ನಿದ್ರೆಯನ್ನು ಯಾವ ಯಾವ ವಿಧಾನದಲ್ಲಿ ಅಳೆಯಲಾಗಿದೆ? ಇದು ಸ್ಕೋಪಿಂಗ್ ಪ್ರಶ್ನೆ. ಪಾಳಿಯ ನಡುವೆ ಕಿರುನಿದ್ರೆಗೆ ಬಿಟ್ಟರೆ, ಬಿಡದಿದ್ದಾಗಿನದಕ್ಕಿಂತ ಪಾಳಿಯ ಕೊನೆಯಲ್ಲಿ ತೂಕಡಿಕೆ ಕಡಿಮೆಯೇ? ಇದು ಸಿಸ್ಟಮ್ಯಾಟಿಕ್. ಪಾಳಿಯ ದಣಿವನ್ನು ನರ್ಸ್‌ನ ವೈಯಕ್ತಿಕ ದೌರ್ಬಲ್ಯವೆಂದು ನೋಡುವುದಕ್ಕೂ ಪಾಳಿ ಪಟ್ಟಿಯ ದೋಷವೆಂದು ನೋಡುವುದಕ್ಕೂ ಏನು ವ್ಯತ್ಯಾಸ, ಯಾವ ನೋಟ ಎಲ್ಲಿಗೆ ಒಯ್ಯುತ್ತದೆ? ಇದು ನರೇಟಿವ್.

ಪ್ರಶ್ನೆ ಬದಲಾದರೆ ಹುಡುಕಾಟವೂ ಬದಲಾಗುತ್ತದೆ. ಕಿರುನಿದ್ರೆಯ ಪ್ರಶ್ನೆಗೆ ಪಬ್‌ಮೆಡ್‌ನಲ್ಲಿ ಆರಂಭದ ಹುಡುಕು ಸಾಲು ಹೀಗಿರಬಹುದು:

```
("Nurses"[Mesh] OR nurs*[tiab])
AND ("Shift Work Schedule"[Mesh] OR "night shift*"[tiab]
     OR "shift work*"[tiab])
AND (nap[tiab] OR naps[tiab] OR napping[tiab])
```

ಸ್ಕೋಪಿಂಗ್ ಆದರೆ ಕೊನೆಯ ಸಾಲನ್ನು ತೆಗೆದು ಇದನ್ನು ಹಾಕಬೇಕು:

```
AND ("Sleep"[Mesh] OR sleep*[tiab] OR fatigue[tiab])
```

ಬದಲಾದದ್ದು ಒಂದೇ ಸಾಲು. ಆದರೆ ಬಲೆಗೆ ಬೀಳುವ ದಾಖಲೆಗಳು ಹಲವು ಪಟ್ಟು ಹೆಚ್ಚುತ್ತವೆ. ಯಾವ ರಿವ್ಯೂ ಎಂದು ತೀರ್ಮಾನಿಸುವ ಮೊದಲು ಇಂಥ ಎರಡು ಸಾಲುಗಳನ್ನು ಓಡಿಸಿ ಸಂಖ್ಯೆ ನೋಡಿಕೊಳ್ಳಿ. ಅರ್ಧ ಗಂಟೆಯ ಈ ಕೆಲಸ ಮಾಡದೆ ಪ್ರೋಟೋಕಾಲ್ ಬರೆದವರು ನಂತರ ಪ್ರಶ್ನೆಯನ್ನೇ ತಿದ್ದುತ್ತ ಕೂರುತ್ತಾರೆ. ಇದೇ ಹೊತ್ತಿಗೆ ಇದೇ ಪ್ರಶ್ನೆಗೆ ಯಾರಾದರೂ ಈಗಾಗಲೇ ರಿವ್ಯೂ ಮಾಡಿದ್ದಾರೆಯೇ, ಮಾಡುತ್ತಿದ್ದಾರೆಯೇ ಎಂದೂ ನೋಡಬೇಕು. ಪ್ರಕಟವಾದವು ಡೇಟಾಬೇಸ್‌ಗಳಲ್ಲಿ ಸಿಗುತ್ತವೆ. ನಡೆಯುತ್ತಿರುವ ಸಿಸ್ಟಮ್ಯಾಟಿಕ್ ರಿವ್ಯೂಗಳು ಪ್ರಾಸ್ಪೆರೊ ನೋಂದಣಿ ತಾಣದಲ್ಲಿ ಸಿಗುತ್ತವೆ.

## ಒಂದೇ ಪ್ರಬಂಧ ಮೂರು ಕೈಗಳಲ್ಲಿ

ವ್ಯತ್ಯಾಸ ಸರಿಯಾಗಿ ಕಾಣಬೇಕಾದರೆ ಒಂದು ಪ್ರಬಂಧವನ್ನು ಹಿಡಿದು ನೋಡಬೇಕು. ಒಂದು ಅಧ್ಯಯನವನ್ನು ಕಲ್ಪಿಸಿಕೊಳ್ಳಿ. ಒಂದೇ ವಾರ್ಡಿನ 14 ನರ್ಸ್‌ಗಳು. ಎರಡು ವಾರ ಮಾಮೂಲಿ ಪಾಳಿ, ಮುಂದಿನ ಎರಡು ವಾರ ಪಾಳಿಯ ನಡುವೆ 30 ನಿಮಿಷದ ನಿದ್ರೆ. ಹೋಲಿಸಲು ಬೇರೆ ಗುಂಪಿಲ್ಲ. ತೂಕಡಿಕೆಯನ್ನು ನರ್ಸ್‌ಗಳೇ ಪ್ರಶ್ನಾವಳಿಯಲ್ಲಿ ಗುರುತು ಹಾಕಿದ್ದಾರೆ. ತೂಕಡಿಕೆ ಕಡಿಮೆಯಾಯಿತು ಎಂಬುದು ಲೇಖಕರ ತೀರ್ಮಾನ.

ಸ್ಕೋಪಿಂಗ್ ರಿವ್ಯೂದಲ್ಲಿ ಈ ಪ್ರಬಂಧ ಒಂದು ಕೋಷ್ಟಕದ ಒಂದು ಸಾಲಾಗುತ್ತದೆ: ವರ್ಷ, ದೇಶ, ವಿನ್ಯಾಸ ಹಿಂದೆ-ಮುಂದೆ ಹೋಲಿಕೆ, 14 ಜನ, ಕಿರುನಿದ್ರೆ 30 ನಿಮಿಷ, ಅಳತೆ ಸ್ವಯಂವರದಿ. ತೂಕಡಿಕೆ ಎಷ್ಟು ಇಳಿಯಿತು ಎಂಬುದು ಇಲ್ಲಿ ಮುಖ್ಯವಲ್ಲ. ಎಲ್ಲ ಸಾಲುಗಳನ್ನು ಒಟ್ಟಿಗೆ ನೋಡಿದಾಗ ಬಹುಪಾಲು ಅಧ್ಯಯನಗಳು ಸ್ವಯಂವರದಿಯನ್ನೇ ನೆಚ್ಚಿವೆ, ಮಣಿಕಟ್ಟಿನ ಉಪಕರಣದಿಂದ ನಿದ್ರೆ ಅಳೆದವು ವಿರಳ ಎಂಬಂಥ ಚಿತ್ರ ಮೂಡಿದರೆ ಅದೇ ಫಲಿತಾಂಶ.

ಸಿಸ್ಟಮ್ಯಾಟಿಕ್‌ನಲ್ಲಿ ಇದೇ ಪ್ರಬಂಧ ಕಟಕಟೆ ಹತ್ತುತ್ತದೆ. ಯಾದೃಚ್ಛಿಕ ಹಂಚಿಕೆ ಇಲ್ಲದ್ದರಿಂದ ಇಂಥ ಅಧ್ಯಯನಗಳಿಗೆಂದೇ ಇರುವ ಪಕ್ಷಪಾತ ಪರೀಕ್ಷೆಗೆ ಒಳಪಡಬೇಕು. ಎರಡನೆಯ ಅವಧಿಯಲ್ಲಿ ವಾರ್ಡಿನ ರೋಗಿಗಳೇ ಕಡಿಮೆ ಇದ್ದರೇ? ಪಾಳಿಗೆ ಒಗ್ಗಿಕೊಂಡದ್ದರಿಂದಲೇ ತೂಕಡಿಕೆ ಇಳಿಯಿತೇ? ಮಲಗಲು ಬಿಟ್ಟಿದ್ದಾರೆಂದು ತಿಳಿದವರು ಪ್ರಶ್ನಾವಳಿಯಲ್ಲಿ ಉದಾರವಾಗಿ ಗುರುತು ಹಾಕಿದರೇ? ಇಬ್ಬರು ಓದುಗರು ಬೇರೆ ಬೇರೆಯಾಗಿ ಇವಕ್ಕೆ ಉತ್ತರ ಬರೆದು, ಆಮೇಲೆ ಕೂತು ತಾಳೆ ನೋಡುತ್ತಾರೆ. ಅಧ್ಯಯನ ಒಳಗೆ ಉಳಿಯಬಹುದು, ಆದರೆ ಅದರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಓದುಗರಿಗೆ ಸ್ಪಷ್ಟವಾಗಿ ಕಾಣಬೇಕು. ಯಾದೃಚ್ಛಿಕ ಪ್ರಯೋಗಗಳನ್ನು ಮಾತ್ರ ಸೇರಿಸುತ್ತೇವೆಂದು ಪ್ರೋಟೋಕಾಲ್ ಹೇಳಿದ್ದರೆ ಪೂರ್ಣಪಾಠ ಓದಿದ ಮೇಲೆ ಹೊರಬೀಳುತ್ತದೆ, ಆಗ ಹೊರಬಿದ್ದ ಕಾರಣವನ್ನೂ ದಾಖಲಿಸಬೇಕು.

ನರೇಟಿವ್‌ನಲ್ಲಿ ಇದಕ್ಕೆ ಒಂದು ವಾಕ್ಯ ಸಿಗಬಹುದು, ಸಿಗದೆಯೂ ಇರಬಹುದು. ವಾರ್ಡಿನಲ್ಲಿ ಮಲಗಲು ಜಾಗವೆಲ್ಲಿತ್ತು, ಎಬ್ಬಿಸುವವರು ಯಾರು ಎಂಬ ವಿವರ ಅದರಲ್ಲಿದ್ದರೆ, ಅದೇ ನಿಮ್ಮ ವಾದಕ್ಕೆ ಬೇಕಾದದ್ದಾಗಿದ್ದರೆ, ಇಡೀ ಒಂದು ಪರಿಚ್ಛೇದವನ್ನೂ ಅದಕ್ಕೆ ಕೊಡಬಹುದು. ಆಯ್ಕೆಯ ಸ್ವಾತಂತ್ರ್ಯ ನಿಮ್ಮದು. ಅದಕ್ಕೆ ತೆರುವ ಬೆಲೆಯೆಂದರೆ, ನೀವು ಬಿಟ್ಟದ್ದು ಏನೆಂದು ಓದುಗರಿಗೆ ಗೊತ್ತಾಗುವುದಿಲ್ಲ.

ಈಗ ಅತಿ ಸಾಮಾನ್ಯವಾದ ತಪ್ಪು ತಾನಾಗಿ ಕಾಣುತ್ತದೆ. ಸ್ಕೋಪಿಂಗ್ ಎಂದು ಹೆಸರಿಟ್ಟು, ಗುಣಮಟ್ಟ ನೋಡದೆ, ಕೊನೆಗೆ "12 ಅಧ್ಯಯನಗಳಲ್ಲಿ 9 ಕಿರುನಿದ್ರೆ ಪರಿಣಾಮಕಾರಿ ಎಂದಿವೆ, ಆದ್ದರಿಂದ ಜಾರಿಗೆ ತರಬೇಕು" ಎಂದು ಬರೆಯುವುದು. ಆ 9ರಲ್ಲಿ ಎಂಟು ಮೇಲಿನ 14 ಜನರ ಅಧ್ಯಯನದಂಥವೇ ಆಗಿದ್ದು, ಪರಿಣಾಮ ಕಾಣದ ಉಳಿದ ಮೂರೇ ದೊಡ್ಡ ಪ್ರಯೋಗಗಳಾಗಿದ್ದರೆ? ತಲೆ ಎಣಿಸುವ ಈ ಲೆಕ್ಕದಲ್ಲಿ 14 ಜನರಿಗೂ 400 ಜನರಿಗೂ ಒಂದೊಂದೇ ಮತ. ಸ್ಕೋಪಿಂಗ್‌ನಲ್ಲಿ ಗುಣಮಟ್ಟದ ಪರೀಕ್ಷೆ ಕಡ್ಡಾಯವಲ್ಲ ಎಂಬುದು ನಿಜ. ಆದರೆ ಪರಿಣಾಮದ ಬಗ್ಗೆ ತೀರ್ಪು ಕೊಡುವುದಿಲ್ಲ ಎಂಬ ಒಪ್ಪಂದದ ಮೇಲೆ ಸಿಕ್ಕಿರುವ ರಿಯಾಯಿತಿ ಅದು.

## ದುಡಿಮೆ ಎಷ್ಟು?

"ಸ್ಕೋಪಿಂಗ್ ಸುಲಭ" ಎಂಬ ಮಾತನ್ನು ಒಮ್ಮೆ ಲೆಕ್ಕ ಹಾಕಿಯೇ ನೋಡೋಣ. ಸಂಖ್ಯೆಗಳು ಊಹೆಯವು, ನಿಮ್ಮ ಹುಡುಕಾಟದಲ್ಲಿ ಬಂದ ಸಂಖ್ಯೆಗಳನ್ನು ಅಲ್ಲಿ ಹಾಕಿಕೊಳ್ಳಿ.

ಸ್ಕೋಪಿಂಗ್‌ಗೆ ನಕಲುಗಳನ್ನು ತೆಗೆದ ಮೇಲೆ 2,400 ದಾಖಲೆ ಉಳಿದವು ಎನ್ನೋಣ. ಶೀರ್ಷಿಕೆ, ಸಾರಾಂಶ ಓದಿ ನಿರ್ಧರಿಸಲು ಒಂದಕ್ಕೆ ಒಂದು ನಿಮಿಷ. ಇಬ್ಬರು ಪ್ರತ್ಯೇಕವಾಗಿ ಓದಬೇಕು, ಅಂದರೆ 4,800 ನಿಮಿಷ, 80 ಗಂಟೆ. ಅದರಲ್ಲಿ 150 ಪೂರ್ಣಪಾಠಕ್ಕೆ ಬಂದವು, ಒಂದಕ್ಕೆ 10 ನಿಮಿಷ, ಇಬ್ಬರು: 50 ಗಂಟೆ. ಕೊನೆಗೆ 60 ಉಳಿದು, ಒಂದೊಂದರ ವಿವರ ಕೋಷ್ಟಕಕ್ಕೆ ತುಂಬಲು ಒಂದು ಗಂಟೆ ಹಿಡಿದರೆ ಇನ್ನೂ 60 ಗಂಟೆ. ಒಟ್ಟು 190.

ಕಿರುನಿದ್ರೆಯ ಸಿಸ್ಟಮ್ಯಾಟಿಕ್‌ಗೆ 400 ದಾಖಲೆ, 40 ಪೂರ್ಣಪಾಠ, 9 ಅಧ್ಯಯನ ಎನ್ನೋಣ. ಅದೇ ವೇಗದಲ್ಲಿ ಮೊದಲೆರಡು ಹಂತಕ್ಕೆ ಸುಮಾರು 27 ಗಂಟೆ. ಅಂಕಿಗಳನ್ನು ಹೊರತೆಗೆಯಲು ಒಂದಕ್ಕೆ 3 ಗಂಟೆ, ಇಬ್ಬರು ಬೇರೆ ಬೇರೆಯಾಗಿ: 54. ಪಕ್ಷಪಾತ ಪರೀಕ್ಷೆ ಒಂದಕ್ಕೆ ಒಂದು ಗಂಟೆ, ಇಬ್ಬರು: 18. ಒಟ್ಟು ನೂರು ಗಂಟೆಯೂ ಮುಟ್ಟಲಿಲ್ಲ.

ಹಾಗಾದರೆ ಸಿಸ್ಟಮ್ಯಾಟಿಕ್ಕೇ ಸುಲಭವೇ? ಅದೂ ಅಲ್ಲ. ಅದರ ಕಷ್ಟ ಗಂಟೆಗಳಲ್ಲಿ ಕಾಣದ ಕಡೆ ಇದೆ. ಪ್ರಬಂಧದಲ್ಲಿ ಸರಾಸರಿ ಕೊಟ್ಟು ಪ್ರಮಾಣ ವಿಚಲನೆ ಬಿಟ್ಟಿರುತ್ತಾರೆ, ಲೇಖಕರಿಗೆ ಮೇಲ್ ಮಾಡಿ ವಾರಗಟ್ಟಲೆ ಕಾಯಬೇಕು. ಒಂದು ಅಧ್ಯಯನ ತೂಕಡಿಕೆಯನ್ನು ಪಾಳಿ ಮುಗಿದೊಡನೆ ಅಳೆದರೆ ಇನ್ನೊಂದು ಮನೆಗೆ ಹೋದ ಮೇಲೆ ಅಳೆದಿರುತ್ತದೆ, ಇವನ್ನು ಕೂಡಿಸಿ ಮೆಟಾ-ಅನಾಲಿಸಿಸ್ ಮಾಡಬಹುದೇ ಎಂಬುದಕ್ಕೆ ಸಂಖ್ಯಾಶಾಸ್ತ್ರ ಬಲ್ಲವರು ಬೇಕು. ಕೂಡಿಸಲಾಗದಿದ್ದರೆ ಮೆಟಾ-ಅನಾಲಿಸಿಸ್ ಇಲ್ಲದೆಯೇ ಸಿಸ್ಟಮ್ಯಾಟಿಕ್ ರಿವ್ಯೂ ಮಾಡಬಹುದು, ಎರಡೂ ಒಂದೇ ಎಂದು ತಿಳಿದವರು ಇಲ್ಲಿ ಗಾಬರಿಯಾಗುತ್ತಾರೆ. ಒಟ್ಟು ಪುರಾವೆಯ ಮೇಲೆ ಎಷ್ಟು ಭರವಸೆ ಇಡಬಹುದೆಂದು ಗ್ರೇಡ್ ಪದ್ಧತಿಯಲ್ಲಿ ಹೇಳುವುದೂ ಉಳಿದಿರುತ್ತದೆ. ಪ್ರಾಸ್ಪೆರೊದಲ್ಲಿ ನೋಂದಾಯಿತವಾದ 195 ರಿವ್ಯೂಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ನೋಂದಣಿಯಿಂದ ಪ್ರಕಟಣೆಯವರೆಗೆ ಸರಾಸರಿ 67.3 ವಾರ ಹಿಡಿದಿತ್ತು, ತಂಡದಲ್ಲಿ ಸರಾಸರಿ ಐವರಿದ್ದರು. ಕೈಯಲ್ಲಿ ಆರು ತಿಂಗಳಿರುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಏಕೆ ಬೇಕೆಂದರೆ ಉತ್ತರಕ್ಕೆ ಒಂದು ಹಳೆಯ ಉದಾಹರಣೆ ಸಾಕು. ಹೃದಯಾಘಾತಕ್ಕೆ ರಕ್ತನಾಳದ ಮೂಲಕ ಸ್ಟ್ರೆಪ್ಟೋಕೈನೇಸ್ ಕೊಡುವ ಬಗ್ಗೆ 1959ರಿಂದ 1988ರವರೆಗೆ 33 ಪ್ರಯೋಗಗಳು ನಡೆದವು. 1992ರಲ್ಲಿ ಅವನ್ನೆಲ್ಲ ಕಾಲಾನುಕ್ರಮದಲ್ಲಿ ಕೂಡಿಸಿ ನೋಡಿದಾಗ, 1973ರ ಹೊತ್ತಿಗೇ, 8 ಪ್ರಯೋಗ, 2,432 ರೋಗಿಗಳಾದಾಗಲೇ, ಸಾವು ತಗ್ಗುತ್ತದೆಂಬುದು ಸ್ಪಷ್ಟವಾಗಿತ್ತು. ನಂತರದ 25 ಪ್ರಯೋಗಗಳಲ್ಲಿ 34,542 ರೋಗಿಗಳು ಸೇರಿದರೂ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. "ಕೆಲಸ ಮಾಡುತ್ತದೆಯೇ" ಎಂಬ ಪ್ರಶ್ನೆಗೆ ಬಿಡಿಬಿಡಿಯಾಗಿ ಓದಿದರೆ ಸಾಲದು.

## ಸ್ಕೋಪಿಂಗ್ ಹಿಡಿದರೆ

2005ರಲ್ಲಿ ಆರ್ಕ್ಸಿ ಮತ್ತು ಓ'ಮ್ಯಾಲಿ ಹಾಕಿಕೊಟ್ಟ ಐದು ಹಂತಗಳ ಚೌಕಟ್ಟು ಇಂದಿಗೂ ಬುನಾದಿ: ಪ್ರಶ್ನೆ, ಹುಡುಕಾಟ, ಆಯ್ಕೆ, ಕೋಷ್ಟಕ ತುಂಬುವುದು, ವರದಿ. ಕ್ಷೇತ್ರದವರೊಡನೆ ಸಮಾಲೋಚನೆ ಆರನೆಯದು, ಐಚ್ಛಿಕ. ಈಗಿನ ಹೆಚ್ಚಿನವರು ಜೆಬಿಐ ಸಂಸ್ಥೆಯ ಮಾರ್ಗಸೂಚಿ ಅನುಸರಿಸಿ, 2018ರಲ್ಲಿ ಬಂದ ಪ್ರಿಸ್ಮಾ-ಎಸ್‌ಸಿಆರ್ ಪಟ್ಟಿಯ ಪ್ರಕಾರ ವರದಿ ಬರೆಯುತ್ತಾರೆ. ಅದರಲ್ಲಿ 22 ಅಂಶಗಳಿವೆ, ಅವುಗಳಲ್ಲಿ ಎರಡು ಐಚ್ಛಿಕ.

ಪ್ರಶ್ನೆಯನ್ನು ಯಾರು, ಯಾವ ಪರಿಕಲ್ಪನೆ, ಯಾವ ಸಂದರ್ಭ ಎಂದು ಮೂರಾಗಿ ಒಡೆಯಿರಿ. ನಮ್ಮ ಉದಾಹರಣೆಯಲ್ಲಿ ನರ್ಸ್‌ಗಳು, ನಿದ್ರೆ ಸುಧಾರಿಸುವ ಪ್ರಯತ್ನಗಳು, ರಾತ್ರಿ ಪಾಳಿ. ಸ್ಕ್ರೀನಿಂಗ್ ಶುರು ಮಾಡುವ ಮುನ್ನ 25 ಸಾರಾಂಶಗಳನ್ನು ಯಾದೃಚ್ಛಿಕವಾಗಿ ಆರಿಸಿ ತಂಡದ ಎಲ್ಲರೂ ಬೇರೆ ಬೇರೆಯಾಗಿ ನಿರ್ಧರಿಸಬೇಕು. ಕನಿಷ್ಠ 75 ಪ್ರತಿಶತ ಒಮ್ಮತ ಬಂದ ಮೇಲೆಯೇ ಮುಂದುವರಿಯಬೇಕೆಂದು ಜೆಬಿಐ ಹೇಳುತ್ತದೆ. ಒಮ್ಮತ ಬಾರದಿದ್ದರೆ ತಪ್ಪು ಬಹುತೇಕ ನಿಯಮದ ಮಾತುಗಳಲ್ಲಿರುತ್ತದೆ. ವಿದ್ಯಾರ್ಥಿ ನರ್ಸ್ ಒಳಗೋ ಹೊರಗೋ? ಸರದಿ ಪಾಳಿಯಲ್ಲಿ ತಿಂಗಳಿಗೆ ನಾಲ್ಕೇ ರಾತ್ರಿ ಬಂದರೆ ಅದು ರಾತ್ರಿ ಪಾಳಿಯೇ? ಇವನ್ನು ಬರೆದಿಟ್ಟ ಮೇಲೆ ಇನ್ನೂ 25ರಲ್ಲಿ ಪರೀಕ್ಷಿಸಿ.

ಕೋಷ್ಟಕವನ್ನೂ ಹೀಗೇ ಐದಾರು ಪ್ರಬಂಧಗಳಲ್ಲಿ ಪಳಗಿಸಿಕೊಳ್ಳಬೇಕು. ಇಲ್ಲಿ ಆಗುವ ಅನಾಹುತವೆಂದರೆ ಅಂಕಣಗಳು ಬೆಳೆಯುತ್ತಲೇ ಹೋಗುವುದು. ನಲವತ್ತನೆಯ ಪ್ರಬಂಧಕ್ಕೆ ಬಂದಾಗ "ಕಾಫಿ ಸೇವನೆ" ಎಂಬ ಹೊಸ ಅಂಕಣ ಬೇಕೆನ್ನಿಸಿದರೆ ಹಿಂದಿನ 39ನ್ನೂ ಮತ್ತೆ ತೆರೆಯಬೇಕು. ಕೊನೆಯ ವಾಕ್ಯಕ್ಕೆ ಉಪಯೋಗವಾಗದ ಅಂಕಣವನ್ನು ಸೇರಿಸಬೇಡಿ.

ಇನ್ನೊಂದು ಮಾತು: ಸ್ಕೋಪಿಂಗ್ ಪ್ರೋಟೋಕಾಲ್‌ಗಳನ್ನು ಪ್ರಾಸ್ಪೆರೊ ನೋಂದಾಯಿಸಿಕೊಳ್ಳುವುದಿಲ್ಲ. ಅಲ್ಲಿಂದ ತಿರಸ್ಕೃತರಾಗಿ ಬಂದು, ನೋಂದಣಿಗಾಗಿಯೇ ಹೆಸರನ್ನು ಸಿಸ್ಟಮ್ಯಾಟಿಕ್ ಎಂದು ಬದಲಿಸುವವರೂ ಇದ್ದಾರೆ. ಅದರ ಬದಲು ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ಹಾಕಿದರೆ ದಿನಾಂಕ ಸಮೇತ ದಾಖಲಾಗುತ್ತದೆ.

## ನರೇಟಿವ್ ಎಂದರೆ ಸಡಿಲವೆಂದಲ್ಲ

ಒಬ್ಬರೇ ಇದ್ದೀರಿ, ಕೈಯಲ್ಲಿರುವುದು ಕೆಲವು ವಾರ, ಆದರೆ ವಿಷಯವನ್ನು ಹತ್ತಾರು ವರ್ಷ ಬಲ್ಲಿರಿ, ಹೇಳಲು ಒಂದು ವಾದವೂ ಇದೆ. ಹೀಗಿದ್ದರೆ ನರೇಟಿವ್ ಸರಿಯಾದ ಆಯ್ಕೆಯೇ, ಮುಜುಗರ ಬೇಡ. ಪರಿಕಲ್ಪನೆಗಳ ಇತಿಹಾಸ, ಎರಡು ಶಿಸ್ತುಗಳ ನಡುವಿನ ಭಿನ್ನಾಭಿಪ್ರಾಯ, ಸಿದ್ಧಾಂತ ಕಟ್ಟುವುದು, ಇವು ಕೋಷ್ಟಕಕ್ಕೆ ಒಗ್ಗುವುದಿಲ್ಲ.

ಆದರೆ ಒಂದು ಪರಿಚ್ಛೇದದಷ್ಟಾದರೂ ಎಲ್ಲಿ, ಯಾವ ಪದಗಳಿಂದ, ಯಾವ ವರ್ಷದವರೆಗೆ ಹುಡುಕಿದಿರಿ ಎಂದು ಬರೆಯಿರಿ. ನಿಮ್ಮ ವಾದಕ್ಕೆ ಎದುರು ನಿಲ್ಲುವ ಪ್ರಬಲ ಪ್ರಬಂಧಗಳನ್ನು ಹುಡುಕಿಯೇ ತೆಗೆದು, ಹೆಸರು ಹಿಡಿದು ಉತ್ತರಿಸಿ. ವಿಮರ್ಶಕರು ಮೊದಲು ನೋಡುವುದು ಅದನ್ನೇ. ಬರೆದಾದ ಮೇಲೆ 2019ರ ಸ್ಯಾನ್ರಾ ಮಾಪಕದಿಂದ ನೀವೇ ಅಂಕ ಹಾಕಿಕೊಳ್ಳಬಹುದು. ಆರು ಪ್ರಶ್ನೆ, ಒಂದೊಂದಕ್ಕೆ 0ಯಿಂದ 2, ಒಟ್ಟು 12. ಹುಡುಕಾಟದ ವಿವರಕ್ಕೂ ಅದರಲ್ಲಿ ಒಂದು ಪ್ರಶ್ನೆಯಿದೆ, ಹೆಚ್ಚಿನವರು ಸೊನ್ನೆ ಪಡೆಯುವ ಅಪಾಯವಿರುವುದು ಅಲ್ಲೇ.

ಇಲ್ಲಿಯ ತಪ್ಪು ಬೇರೆ ದಿಕ್ಕಿನದು. ಒಂದೇ ಡೇಟಾಬೇಸ್‌ನಲ್ಲಿ ಒಬ್ಬರೇ ಹುಡುಕಿ, ಒಂದು ಹರಿವು ಚಿತ್ರ ಬರೆದು, "ಸಿಸ್ಟಮ್ಯಾಟಿಕ್ ಲಿಟರೇಚರ್ ರಿವ್ಯೂ" ಎಂದು ಹೆಸರಿಡುವುದು. ಅದನ್ನು ನರೇಟಿವ್ ಎಂದು ಕರೆದಿದ್ದರೆ ಒಳ್ಳೆಯ ನರೇಟಿವ್ ಆಗುತ್ತಿತ್ತು. ಸಿಸ್ಟಮ್ಯಾಟಿಕ್ ಎಂದದ್ದರಿಂದ ಪ್ರೋಟೋಕಾಲ್ ಎಲ್ಲಿ, ಎರಡನೆಯ ಓದುಗರು ಯಾರು, ಪಕ್ಷಪಾತ ಪರೀಕ್ಷೆ ಎಲ್ಲಿ ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದೆ ವಾಪಸು ಬರುತ್ತದೆ.

## ಇಕ್ಕಟ್ಟಿನಲ್ಲಿದ್ದಾಗ

ಪ್ರಶ್ನೆ "ಕೆಲಸ ಮಾಡುತ್ತದೆಯೇ" ಎಂಬುದೇ, ಆದರೆ ಒಬ್ಬರೇ ಇದ್ದೀರಿ: ಎರಡನೆಯ ಓದುಗರನ್ನು ಸಹಲೇಖಕರಾಗಿ ಕರೆತನ್ನಿ. ಯಾರೂ ಸಿಗದಿದ್ದರೆ ಪ್ರಶ್ನೆಯನ್ನೇ ಬದಲಿಸುವುದು ಪ್ರಾಮಾಣಿಕ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮೊದಲ ವರ್ಷ ಸ್ಕೋಪಿಂಗ್, ಅದರಲ್ಲಿ ಅಧ್ಯಯನಗಳು ದಟ್ಟವಾಗಿ ಕಂಡ ಒಂದು ಮೂಲೆಯಲ್ಲಿ ಎರಡನೆಯ ವರ್ಷ ಸಿಸ್ಟಮ್ಯಾಟಿಕ್ ಎಂಬ ಕ್ರಮ ಚೆನ್ನಾಗಿ ಹೊಂದುತ್ತದೆ. ನಮ್ಮ ಉದಾಹರಣೆಯ ಕೋಷ್ಟಕದಲ್ಲಿ ಕಿರುನಿದ್ರೆಯ ಹೋಲಿಕೆ ಗುಂಪಿರುವ ಅಧ್ಯಯನಗಳು ಒಂಬತ್ತು ಕಂಡರೆ ಹಾದಿ ಸಿಕ್ಕಂತೆ. ಒಂದೇ ಕಂಡರೆ ಸಿಸ್ಟಮ್ಯಾಟಿಕ್‌ಗೆ ಇನ್ನೂ ಕಾಲ ಬಂದಿಲ್ಲ, ಆ ಕೊರತೆಯನ್ನೇ ಸ್ಕೋಪಿಂಗ್‌ನ ತೀರ್ಮಾನವಾಗಿ ಬರೆದು, ಪ್ರಯೋಗವನ್ನು ನೀವೇ ಮಾಡುವ ಪ್ರಸ್ತಾವಕ್ಕೆ ಅದನ್ನು ಆಧಾರವಾಗಿಸಬಹುದು.

ಅರ್ಧ ದಾರಿಯಲ್ಲಿ ಬಗೆ ಬದಲಿಸಬೇಕಾಗಿ ಬಂದರೆ, ಯಾವ ದಿನಾಂಕದಂದು, ಎಷ್ಟು ಸಾರಾಂಶ ಓದಿದ ಮೇಲೆ, ಯಾವ ಕಾರಣಕ್ಕೆ ಬದಲಿಸಿದಿರಿ ಎಂಬುದನ್ನು ಪ್ರೋಟೋಕಾಲ್‌ಗೂ ಸೇರಿಸಿ, ಪ್ರಬಂಧದ ವಿಧಾನ ಭಾಗದಲ್ಲೂ ಎರಡು ಸಾಲಿನಲ್ಲಿ ಬರೆಯಿರಿ. ಸ್ಕೋಪಿಂಗ್‌ನಿಂದ ಸಿಸ್ಟಮ್ಯಾಟಿಕ್‌ಗೆ ದಾಟುವುದಾದರೆ ಹಳೆಯ ಹುಡುಕಾಟವನ್ನೇ ಎಳೆದು ತರಬೇಡಿ. ಅದು ಅಗಲಕ್ಕೆ ಹೆಣೆದ ಬಲೆ. ಕಿರುನಿದ್ರೆಯ ಪದಗಳನ್ನು ಸೇರಿಸಿ, ಪ್ರಯೋಗಗಳ ನೋಂದಣಿ ತಾಣಗಳನ್ನೂ ಒಳಗೊಂಡು ಹೊಸದಾಗಿ ಹುಡುಕಬೇಕು. ಆ ಹೊಸ ಹುಡುಕಾಟದಲ್ಲಿ, ಸ್ಕೋಪಿಂಗ್‌ನಲ್ಲಿ ಸಿಕ್ಕಿದ್ದ ಒಂಬತ್ತೂ ಮತ್ತೆ ಸಿಗುತ್ತವೆಯೇ ನೋಡಿ. ಏಳೇ ಸಿಕ್ಕರೆ, ತಪ್ಪಿಸಿಕೊಂಡ ಎರಡರ ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಕಿರುನಿದ್ರೆಗೆ ಯಾವ ಪದ ಬಳಸಿದ್ದಾರೆಂದು ಹುಡುಕಿ. `"scheduled rest"` ಎಂಬಂಥದ್ದೇನಾದರೂ ಕಂಡರೆ ಅದನ್ನು ಕಿರುನಿದ್ರೆಯ ಪದಗಳಿರುವ ಕೊನೆಯ ಸಾಲಿಗೆ ಸೇರಿಸಿ, ಮತ್ತೊಮ್ಮೆ ಓಡಿಸಿ.